ಗಾಂಧಿ ಜಯಂತಿಯಂದು ಬೌನ್ಸ್ ಆದ ಕಂತು

ನಮ್ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿ, ರಾಹುಕಾಲಗಳು ಬಿಟ್ಟುಕೊಟ್ಟ ಜಾಗವೆಲ್ಲ ನನ್ನಾಕೆಯ ಹಾಲಿನ ಲೆಕ್ಕಕ್ಕೆ ಸೇರಿದ್ದು. ಹಾಲು ಬಾರದ ದಿನ ಆಕೆ ಬರೆಯುವುದು ಒಂದೇ ಮಾತು: ‘ಬಂದಿಲ್ಲ’. 2023ರ ಆಗಸ್ಟ್ ಕೊನೆಯಲ್ಲಿ ನಾನೂ ಅಲ್ಲಿ ಒತ್ತುವರಿಗೆ ಇಳಿದೆ. ಕೈಯಲ್ಲಿ ನಾಲ್ಕು ಬಣ್ಣದ ಪೆನ್ನು, ತಲೆಯಲ್ಲಿ ಹಣಕಾಸು ಸಚಿವನ ಗತ್ತು.

ಸಂಬಳ ಒಂದನೇ ತಾರೀಕು, 46,000. ಬೈಕಿನ ಕಂತು 2ಕ್ಕೆ, 4,200. ಬಾಡಿಗೆ 5ಕ್ಕೆ, 15,000. ಚೀಟಿ 12ಕ್ಕೆ, 5,000. ಕ್ರೆಡಿಟ್ ಕಾರ್ಡು 18ಕ್ಕೆ, ಸುಮಾರು 6,500. ಮನೆಖರ್ಚು ದಿನಕ್ಕೆ 400. ಎಲ್ಲ ಕಳೆದರೂ ತಿಂಗಳ ಕೊನೆಗೆ 3,300 ಉಳಿಯುತ್ತಿತ್ತು. ಹಸಿರು ಪೆನ್ನಿನಲ್ಲಿ ‘ಉಳಿತಾಯ’ ಎಂದು ಬರೆದು ಎರಡು ಸಲ ಅಡಿಗೆರೆ ಎಳೆದೆ.

ಸೆಪ್ಟೆಂಬರ್ 28ರ ಬೆಳಿಗ್ಗೆ ಮೊಬೈಲಿಗೆ ಸಂದೇಶ: ವಿಮೆಯ ಅರ್ಧವಾರ್ಷಿಕ ಕಂತು, 9,900. ವರ್ಷಕ್ಕೆರಡೇ ಸಲ ಮುಖ ತೋರಿಸುವ ನೆಂಟ ನನ್ನ ನಾಲ್ಕು ಬಣ್ಣಗಳಲ್ಲಿ ಎಲ್ಲೂ ಇರಲಿಲ್ಲ. ಖಾತೆಯಲ್ಲಿದ್ದದ್ದು 4,500. ಅರ್ಧವಾರ್ಷಿಕ ಕಂತಿಗೆ 30 ದಿನದ ಗ್ರೇಸ್ ಅವಧಿ ಇದೆಯೆಂದು ಗೊತ್ತಿತ್ತು. (ಪ್ರತಿ ತಿಂಗಳು ಕಟ್ಟುವವರಿಗೆ ಅದು 15 ದಿನ ಮಾತ್ರ.) ಒಂದಕ್ಕೆ ಸಂಬಳ ಬರುತ್ತದಲ್ಲ, ಆಗ ಕಟ್ಟಿದರಾಯಿತು ಎಂದು ಕಾಫಿ ಕೇಳಿದೆ.

ಅಕ್ಟೋಬರ್ 1 ಭಾನುವಾರ. 2 ಗಾಂಧಿ ಜಯಂತಿ. ಆಫೀಸಿನಲ್ಲಿ ಸಂಬಳದ ಪಟ್ಟಿಗೆ ಸಹಿ ಹಾಕುವವರೂ ಮನುಷ್ಯರೇ, ಅವರು ರಜೆಯಲ್ಲಿದ್ದರು. ಬ್ಯಾಂಕಿಗೂ ರಜೆ ಎಂದಮೇಲೆ ನನ್ನ ಕಂತನ್ನು ಎಳೆಯುವವರು ಯಾರು? ಹೀಗೆ ತರ್ಕ ಮಾಡಿ, ಉಂಡು ಮಲಗಿದೆ.

ಎಳೆಯುವುದು ನ್ಯಾಚ್ ಎಂಬ ವ್ಯವಸ್ಥೆ. ಮೊದಲು ಅದಕ್ಕೂ ಭಾನುವಾರ ಬಿಡುವಿತ್ತು. 2021ರ ಆಗಸ್ಟ್ 1ರಿಂದ ವಾರದ ಏಳೂ ದಿನ, ಬ್ಯಾಂಕಿನ ರಜೆಯಲ್ಲೂ ಅದು ಕೆಲಸ ಮಾಡುತ್ತದೆ. ನನ್ನ ಖಾತೆಯಲ್ಲಿದ್ದ 2,900ರಲ್ಲಿ 4,200 ಹುಡುಕಿ, ಸಿಗದೆ ವಾಪಸಾಯಿತು. ಹುಡುಕಿದ್ದಕ್ಕೆ ಸಾಲ ಕೊಟ್ಟವರು 500, ಸಿಗಲಿಲ್ಲ ಎಂದು ಹೇಳಿದ್ದಕ್ಕೆ ನನ್ನ ಬ್ಯಾಂಕು 450, ಎರಡರ ಮೇಲೂ ಶೇ. 18 ಜಿಎಸ್‌ಟಿ. ಒಟ್ಟು 1,121. ಒಂದೇ ತಪ್ಪಿಗೆ ಎರಡು ಕಡೆ ದಂಡ ತೆರುವ ಯೋಗ ನನಗೆ ಮದುವೆಯಾದ ಮೇಲೆ ಅದೇ ಮೊದಲಲ್ಲ, ಆದರೆ ಜಿಎಸ್‌ಟಿ ಹೊಸದು.

ನನ್ನಾಕೆ ಕ್ಯಾಲೆಂಡರ್ ಮುಂದೆ ನಿಂತು ಹೇಳಿದಳು: “ರೀ, ಎಷ್ಟು ಹೋಗತ್ತೆ ಅಂತ ಬರೆದಿದ್ದೀರಿ. ಹೋದಮೇಲೆ ಎಷ್ಟು ಉಳೀತು ಅಂತ ಎಲ್ಲಿದೆ?”

ಎಲ್ಲೂ ಇರಲಿಲ್ಲ. ತಿಂಗಳ ಮೊತ್ತ ಕೂಡಿದ್ದೆನೇ ಹೊರತು ದಿನದ ಬಾಕಿ ಇಳಿಸಿಕೊಂಡು ಬಂದಿರಲಿಲ್ಲ. 3ರಂದು ಸಂಬಳ ಬಿದ್ದ ಮೇಲೆ ಹಳೆಯ ಬಾಕಿ ಸೇರಿಸಿ, ಎಲ್ಲ ಕಂತು, ವಿಮೆ, ದಂಡ ಕಳೆಯುತ್ತ ಪ್ರತಿ ಚೌಕದಲ್ಲೂ ಆ ದಿನ ಸಂಜೆಗೆ ಉಳಿಯುವ ಹಣ ಬರೆದೆವು. 18ರ ಚೌಕದಲ್ಲಿ 379. 19ರಂದು ನಾನು ದಿವಾಳಿ. ತಿಂಗಳ ಕೊನೆಗೆ 4,821 ಕಡಿಮೆ. ಹದಿನಾರು ದಿನ ಮೊದಲೇ ನನ್ನ ತಿಥಿ ಗೊತ್ತಾದದ್ದು ಅದೇ ಮೊದಲು.

ಆಕೆಯ ತಿದ್ದುಪಡಿ ಅಲ್ಲಿಗೆ ನಿಲ್ಲಲಿಲ್ಲ. 9,900ನ್ನು ಆರರಿಂದ ಭಾಗಿಸಿ ತಿಂಗಳಿಗೆ 1,650 ಎಂದು ಪ್ರತಿ ತಿಂಗಳ ಚೌಕದಲ್ಲೂ ಕೂರಿಸಿದಳು. ಸಂಬಳ ಬಂದ ದಿನವೇ ಅದು ಬೇರೆ ಖಾತೆಗೆ ಹೋಗಬೇಕು. ನನ್ನ ಹಸಿರು ‘ಉಳಿತಾಯ’ದಲ್ಲಿ ಅರ್ಧ ಆ ವಿಮೆಯದೇ ಆಗಿತ್ತು. ಇನ್ನು ಸಂಬಳದ ತಾರೀಕು. ಒಂದನ್ನು ಹೊಡೆದುಹಾಕಿ 4 ಎಂದು ಬರೆದಳು. ಬೇಗ ಬಂದರೆ ಪುಣ್ಯ. ಆದರೆ ಬೈಕಿನ ಕಂತು 2ಕ್ಕೇ ಇರುವುದರಿಂದ, ತಿಂಗಳು ದಾಟುವಾಗ ಖಾತೆಯಲ್ಲಿ ಕಂತಿನ 4,200, ಮೂರು ದಿನದ ಖರ್ಚು 1,200, ಒಟ್ಟು 5,400 ಇರಲೇಬೇಕು. ತಾರೀಕು ಬದಲಿಸಿ ಎಂದು ಸಾಲ ಕೊಟ್ಟವರನ್ನು ಕೇಳಿದೆ. ಆಗುವುದಿಲ್ಲ ಎಂದರು.

ಕಡಿಮೆ ಬಿದ್ದ 4,821ಕ್ಕೆ ಈ 5,400 ಸೇರಿದರೆ 10,221. ಆಕೆ ಅಡುಗೆಮನೆಗೆ ಹೋಗಿ ಸಾಸಿವೆ ಡಬ್ಬಿ ತಂದಳು. “ಹತ್ತು ಸಾವಿರ ಇದೆ. ಚಿಲ್ಲರೆ ನೀವೇ ನೋಡ್ಕೊಳ್ಳಿ.” ನಾಲ್ಕು ಬಣ್ಣದ ಪೆನ್ನಿನ ಖಾತೆಗಿಂತ ಆ ಡಬ್ಬಿ ಗಟ್ಟಿಯಾಗಿತ್ತು.

ನವೆಂಬರ್ 1 ಕನ್ನಡ ರಾಜ್ಯೋತ್ಸವ, ಆಫೀಸಿಗೆ ರಜೆ. 2ರಂದು ಕಂತು ಸದ್ದಿಲ್ಲದೆ ಹೋಯಿತು. ಸಂಜೆ ಬೀಗುತ್ತಾ ಚೌಕ ತುಂಬಲು ಹೋದರೆ, ಅಲ್ಲಿ ಆಗಲೇ ಆಕೆಯ ಬರಹವಿತ್ತು: ‘ಹಾಲು ಒಂದು ಲೀಟರ್. ಇವರ ಹತ್ತು ಸಾವಿರ: ಬಂದಿಲ್ಲ.’