ಸೋದರಮಾವನಿಗೆ ಚೆಕ್

ಚೆಸ್ ಕಲಿಸುವವನ ಹೊಟ್ಟೆಗೆ ಹೊಡೆಯುವವನು ಎದುರಾಳಿಯಲ್ಲ, ವಿದ್ಯಾರ್ಥಿಯ ಸೋದರಮಾವ. ಹುಡುಗ ಕ್ಲಾಸಿಗೆ ಸೇರಿದ ವಾರವೇ ಊರಿಂದ ಬಂದು ನಾಲ್ಕೇ ನಡೆಯಲ್ಲಿ ಮೇಟ್ ಕೊಟ್ಟು ಮೀಸೆ ತಿರುವುತ್ತಾನೆ. "ದುಡ್ಡು ಕೊಟ್ಟು ಕಲಿತದ್ದು ಇದೇನಾ ಸಾರ್?" ಅಂತ ತಾಯಿಯ ಫೋನು. ಮುಂದಿನ ತಿಂಗಳ ಫೀಜಿಗೆ ಎಳ್ಳುನೀರು!

ಮೊದಲ ಕ್ಲಾಸಿನಲ್ಲಿ ನಾನು ಬರೀ ಕಾಲಾಳುಗಳನ್ನು ಆಡಿಸುತ್ತೇನೆ. ಎಂಟೆಂಟು ಕಾಲಾಳು, ಮೊದಲು ಆಚೆ ತುದಿ ಮುಟ್ಟಿದವರು ಗೆದ್ದರು. ಮಗು ಗೆದ್ದು ಮನೆಗೆ ಹೋದರೆ ನಾಳೆ ಮತ್ತೆ ಬರುತ್ತದೆ. ಕಾಯಿಗಳ ನಡೆ ಬಂದ ಕೂಡಲೇ ಮಾವನಿಗೆ ಮದ್ದು. ಎರಡೂ ಕಡೆ ರಾಜನ ಮುಂದಿನ ಕಾಲಾಳು ಎರಡು ಮನೆ ನಡೆದಿದೆ, ಮಾವನ ರಾಣಿ ಅಂಚಿಗೆ ಹಾರಿದೆ ಅನ್ನಿ. ರಾಣಿ ಬದಿಯ ಕುದುರೆ ತಂದು ನಿಮ್ಮ ಕಾಲಾಳನ್ನು ಕಾಯಿರಿ. ಆಮೇಲೆ ಒಂಟೆಯೂ ಬಂತೋ, ರಾಣಿಗೆ ಗುರಿಯಿಟ್ಟು ಇನ್ನೊಂದು ಕುದುರೆಯನ್ನು ಹಾರಿಸಲು ಕೈ ತುರಿಸುತ್ತದೆ, ಹಾರಿಸಿದರೆ ಮೇಟ್. ಬದಲು ಆ ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ತಳ್ಳಿದರೆ ರಾಣಿಯೇ ಓಡಬೇಕು. ಅವಳು ಹಿಂದೆ ಸರಿದು ಮತ್ತೆ ಗುರಿಯಿಟ್ಟಾಗ ಕುದುರೆ ಅಡ್ಡ ಬರಲಿ. ಮಾವನ ಬತ್ತಳಿಕೆ ಅಲ್ಲಿಗೆ ಖಾಲಿ.

ಮಾವನನ್ನು ತಡೆದರೂ ರಜೆ ಮುಗಿಯುವುದನ್ನು ತಡೆಯಲಾಗದು: ಏಪ್ರಿಲ್‌ನಲ್ಲಿ ಮನೆ ತುಂಬ ಮಕ್ಕಳು, ಜೂನ್‌ನಲ್ಲಿ ಬರೀ ಚಾಪೆ. ಶಾಲೆಗೇ ಹೋಗಿ ಕಲಿಸುವ ಬ್ಯಾಚಿನಲ್ಲಿ ತಲೆಗೆ ಸಿಗುವುದು ಕಡಿಮೆಯಾದರೂ ಫೀಜು ಆಫೀಸಿನವರೇ ವಸೂಲು ಮಾಡುತ್ತಾರೆ. ನನ್ನ ಬಾಡಿಗೆ ನಡೆಯುತ್ತಿರುವುದು ಅದರಿಂದಲೇ.