ಬಣ್ಣಕ್ಕೊಂದು ಕಾಲಂ

ಶಾಲೆಯ ಕಂಪ್ಯೂಟರ್ ಲ್ಯಾಬಿನ ವೇಳಾಪಟ್ಟಿ ವಾಟ್ಸಾಪಿನಲ್ಲಿ ಚಿತ್ರವಾಗಿ ಬಂತು. ಅಡ್ಡಕ್ಕೆ ಪೀರಿಯಡ್ಡು, ಉದ್ದಕ್ಕೆ ವಾರ. ಎಂಟನೆಯ ತರಗತಿಗೆ ಹಳದಿ, ಒಂಬತ್ತಕ್ಕೆ ಹಸಿರು, ಹತ್ತಕ್ಕೆ ಗುಲಾಬಿ. ಚೌಕದೊಳಗೆ ಮೇಷ್ಟ್ರ ಹೆಸರು. "ಎಕ್ಸೆಲ್ ಮಾಡ್ಕೊಡಿ, ಬಣ್ಣಕ್ಕೊಂದು ಕಾಲಂ ಇರ್ಲಿ" ಎಂದರು ಹೆಡ್‌ಮೇಷ್ಟ್ರು, ಟೀ ಹೇಳಿದಷ್ಟು ಸಲೀಸಾಗಿ.

ಬಣ್ಣಗಳು ಕಾಲಂ ಹಿಡಿದು ಕೂತ ಮೇಲೆ ಪೀರಿಯಡ್ಡಿಗೆ ಮೇಲೆ ಜಾಗವಿಲ್ಲ. ಅದು ವಾರದ ಜೊತೆ ಸಾಲಿಗೆ ಇಳಿಯಬೇಕು: ಸೋಮವಾರ 1, ಸೋಮವಾರ 2, ಹೀಗೆ. ಆರು ದಿನಕ್ಕೆ ಏಳು ಪೀರಿಯಡ್ಡಾದರೆ 42 ಸಾಲು. ಸೋಮವಾರದ ಎರಡನೆಯ ಚೌಕ ಹಸಿರಾಗಿದ್ದರೆ ಮೇಷ್ಟ್ರ ಹೆಸರು ಆ ಸಾಲಿನ ಒಂಬತ್ತರ ಕಾಲಮ್ಮಿಗೆ. ಎಂಟು, ಹತ್ತು ಖಾಲಿ. ಎರಡು ಪೀರಿಯಡ್ಡಿಗೆ ಕಾಲು ಚಾಚಿದ ಚೌಕವಿದ್ದರೆ ಹೆಸರು ಎರಡು ಸಾಲಲ್ಲೂ ಬರಬೇಕು.

ಕಣ್ಣಿಗೆ ಒಂದೇ ಹಳದಿ, ಕಂಪ್ಯೂಟರಿಗೆ ಹತ್ತಾರು. ವಾಟ್ಸಾಪು ಚಿತ್ರವನ್ನು ಹಿಂಡುವಾಗ `#FFF200` ಇದ್ದದ್ದು `#FDF10A` ಆಗಿರುತ್ತದೆ. ಅಕ್ಷರದ ಅಂಚಿನಲ್ಲಂತೂ ಹಳದಿಗೂ ಕಪ್ಪಿಗೂ ಸಂಬಂಧ ಬೆಳೆದು ಕೆಸರು ಬಣ್ಣ ಹುಟ್ಟಿರುತ್ತದೆ. ಹಾಗಾಗಿ ಕಲರ್ ಪಿಕರನ್ನು ಚೌಕದ ಖಾಲಿ ಮೂಲೆಗೆ ಊರಿ, ಸಿಕ್ಕ ಬಣ್ಣ ಮೂರರಲ್ಲಿ ಯಾವುದಕ್ಕೆ ಹತ್ತಿರವೋ ಅದಕ್ಕೇ ಸೇರಿಸಬೇಕು.

ಕೊನೆಗೆ ತಾಳೆ ನೋಡುವುದು ಸುಲಭ. ಒಂದೇ ಸಾಲಿನಲ್ಲಿ ಎರಡು ಕಾಲಂ ತುಂಬಿದ್ದರೆ ಒಂದೇ ಲ್ಯಾಬಿಗೆ ಎರಡು ತರಗತಿ ನುಗ್ಗಿವೆ ಎಂದರ್ಥ.

ಎಲ್ಲ ಸರಿಹೋಯಿತು, ಶನಿವಾರದ ಒಂದು ನೇರಳೆ ಚೌಕ ಬಿಟ್ಟು. ಯಾವ ತರಗತಿ ಎಂದು ಕೇಳಿದೆ.

"ಅದಾ? ಚೆನ್ನಾಗಿ ಕಾಣ್ಲಿ ಅಂತ ಹಾಕಿದ್ದು" ಎಂದರು ಹೆಡ್‌ಮೇಷ್ಟ್ರು.