ವಿಸರ್ಜನೆಗಿಂತ ವಿಳಂಬ ಲೇಸು

ಹದ್ದುಮೀರಿದ ನಗರಪಾಲಿಕೆಯನ್ನು ಬಗ್ಗಿಸಲು ಕಾನೂನು ರಾಜ್ಯ ಸರ್ಕಾರದ ಕೈಗೆ ಕೊಟ್ಟಿರುವ ದೊಡ್ಡ ದೊಣ್ಣೆ ವಿಸರ್ಜನೆ. ಆದರೆ ಎತ್ತಿದವರ ಕಾಲಿಗೇ ಬೀಳುವ ದೊಣ್ಣೆ ಅದು. ಸಂವಿಧಾನದ 243ಯು ವಿಧಿಯ ಪ್ರಕಾರ, ಮೊದಲು ಪಾಲಿಕೆಯ ಅಹವಾಲು ಕೇಳಬೇಕು. ಕೇಳಿದಂತೆ ಮಾಡಿ ವಿಸರ್ಜಿಸಿದರೂ ಆರು ತಿಂಗಳೊಳಗೆ ಚುನಾವಣೆ ಮುಗಿಸಬೇಕು. ಇಷ್ಟು ಕಷ್ಟಪಟ್ಟು ಓಡಿಸಿದ ಕಾರ್ಪೊರೇಟರುಗಳು ಆರನೆಯ ತಿಂಗಳಿಗೆ ಮತ್ತೆ ಹಾರ ಹಾಕಿಕೊಂಡು ಬಂದು ಕೂತರೆ ಸರ್ಕಾರದ ಮಾನ ಎಲ್ಲಿ ಉಳಿಯಿತು?

ಬೆಂಗಳೂರಿನಲ್ಲಿ ಇದನ್ನು ಮಾಡಿಯೂ ನೋಡಿದ್ದಾಯಿತು. 2015ರ ಏಪ್ರಿಲ್‌ನಲ್ಲಿ, ಬಿಬಿಎಂಪಿಯ ಅವಧಿ ತಾನಾಗಿ ಮುಗಿಯಲು ಇನ್ನು ಕೆಲವೇ ದಿನಗಳಿದ್ದಾಗ, ಅಕ್ರಮಗಳ ಕಾರಣ ಕೊಟ್ಟು ಸರ್ಕಾರ ಅದನ್ನು ವಿಸರ್ಜಿಸಿತು. ಸಾಯಂಕಾಲ ಹೊರಡಲಿದ್ದ ನೆಂಟನನ್ನು ಮಧ್ಯಾಹ್ನವೇ ಕತ್ತು ಹಿಡಿದು ದಬ್ಬಿದ ಹಾಗೆ! ಅಷ್ಟು ಹೊತ್ತಿಗೆ ಹೈಕೋರ್ಟು ಚುನಾವಣೆ ನಡೆಸಲು ಗಡುವು ಕೊಟ್ಟಿತ್ತು. ವಿಸರ್ಜಿಸಿದರೆ ಇನ್ನೊಂದು ಆರು ತಿಂಗಳು ಸಿಕ್ಕೀತೆಂಬ ಲೆಕ್ಕಾಚಾರ ಇತ್ತೆಂದು ಕೊಂಕು ನುಡಿಯುವವರೂ ಇದ್ದರು. ಲೆಕ್ಕ ಕೈಕೊಟ್ಟಿತು. ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂದು ಆಗಸ್ಟ್ 22ರಂದು ಮತದಾನ ನಡೆದೇಹೋಯಿತು. ನಾಲ್ಕೇ ತಿಂಗಳಿಗೆ ಹೊಸ ಕೌನ್ಸಿಲು!

ಪಾಠ ಕಲಿಯುವುದರಲ್ಲಿ ವಿಧಾನಸೌಧ ಎಂದೂ ಹಿಂದೆ ಬಿದ್ದಿಲ್ಲ, ಅಲ್ಲಿ ಯಾವ ಪಕ್ಷ ಕೂತಿದ್ದರೂ ಸರಿ. ಆ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಈ ಸಲ ಯಾರನ್ನೂ ವಿಸರ್ಜಿಸಲಿಲ್ಲ, ಯಾರ ಮೇಲೂ ಆಪಾದನೆ ಹೊರಿಸಲಿಲ್ಲ, ನೋಟಿಸು ಕಳಿಸಲಿಲ್ಲ. ಸುಮ್ಮನೆ ವಾರ್ಡುಗಳನ್ನು ಎಣಿಸತೊಡಗಿದರು. 198 ಇದ್ದದ್ದು 243 ಆಗಲಿ ಎಂದರು. ಹಳೆಯ ವಾರ್ಡುಗಳಿಗೇ ಚುನಾವಣೆ ನಡೆಸಿ ಎಂದು ಆ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿದಾಗ ಸುಪ್ರೀಂ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. 2022ರಲ್ಲಿ 243 ವಾರ್ಡುಗಳ ಗಡಿ ಎಳೆದಾಯಿತು. ಇನ್ನೇನು ಎನ್ನುವಾಗ ಮೀಸಲಾತಿ ಪಟ್ಟಿಯನ್ನು ಹೈಕೋರ್ಟ್ ರದ್ದು ಮಾಡಿತು. 2023ರಲ್ಲಿ ಸರ್ಕಾರ ಬದಲಾಯಿತು, ವಾರ್ಡು 225ಕ್ಕೆ ಇಳಿಯಿತು.

ಇದರ ಚೆಲುವು ಇರುವುದು ಇಲ್ಲೇ. ಒಂದು ವಾರ್ಡಿನ ಗೆರೆ ಅಲುಗಿದರೆ ಪಕ್ಕದ್ದು ಅಲುಗುತ್ತದೆ. ಗೆರೆ ಅಲುಗಿದರೆ ಜನಸಂಖ್ಯೆ ಬದಲು, ಜನಸಂಖ್ಯೆ ಬದಲಾದರೆ ಮೀಸಲಾತಿ ಬದಲು. ಕರಡು, ಆಕ್ಷೇಪಣೆ, ಅಂತಿಮ ಅಧಿಸೂಚನೆ, ಅದರ ಮೇಲೊಂದು ರಿಟ್ ಅರ್ಜಿ. ಯಾವ ಹಂತದಲ್ಲೂ ಯಾರೂ ಚುನಾವಣೆ ಬೇಡ ಎಂದು ಬಾಯಿ ಬಿಡಬೇಕಾಗಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂಬುದೂ ಅದೇ 243ಯು ವಿಧಿಯಲ್ಲಿದೆ. ಇರಲಿ ಬಿಡಿ, ಅದಕ್ಕೆ ಕೈಗೆ ಗಡಿಯಾರ ಕಟ್ಟಿಲ್ಲವಲ್ಲ.

ಅಲ್ಲಿಯವರೆಗೆ ಆಡಳಿತಾಧಿಕಾರಿ. ಕೌನ್ಸಿಲು ಕೇಳಬೇಕು, ಆಯುಕ್ತರು ಉತ್ತರ ಹೇಳಬೇಕು ಎಂಬುದು ಪಾಲಿಕೆಯ ಕ್ರಮ. ಆ ಐದು ವರ್ಷ ಇಡೀ ಕೌನ್ಸಿಲಿನ ಜಾಗದಲ್ಲಿ ಒಬ್ಬ ಐಎಎಸ್ ಅಧಿಕಾರಿ, ಆಯುಕ್ತರ ಜಾಗದಲ್ಲಿ ಇನ್ನೊಬ್ಬರು. ಇಬ್ಬರ ವರ್ಗಾವಣೆಯೂ ಒಂದೇ ಸರ್ಕಾರದ ಕೈಯಲ್ಲಿ. ಮೊದಲ ಆಡಳಿತಾಧಿಕಾರಿಯೇ ಮರುವರ್ಷ ಮುಖ್ಯ ಆಯುಕ್ತರಾದರು. ಪ್ರಶ್ನೆ ಕೇಳುತ್ತಿದ್ದ ಕುರ್ಚಿಯಿಂದ ಎದ್ದು ಉತ್ತರ ಹೇಳುವ ಕುರ್ಚಿಗೆ! ಬಜೆಟ್ ಸಭೆಯಲ್ಲಿ ಗದ್ದಲವಿಲ್ಲ, ಮೈಕು ಕಿತ್ತಾಟವಿಲ್ಲ, ಧರಣಿಯಿಲ್ಲ. ಮೋರಿ ಕಟ್ಟಿಕೊಂಡರೆ ಕಾರ್ಪೊರೇಟರ ಮನೆ ಮುಂದೆ ನಿಂತು ಬೈಯುವ ಸೌಕರ್ಯ ಮಾತ್ರ ನಾಗರಿಕರಿಗೆ ತಪ್ಪಿತು. ಶಾಸಕರ ಮನೆ ಮುಂದೆ ಹೋಗಿ ಅಂಗಲಾಚಬಹುದು. ಶಾಸಕರಿಗೂ ಅದೇ ಇಷ್ಟ.

ಹಳ್ಳಿಗಳಿಗೂ ಇದೇ ಭಾಗ್ಯ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾಯಿತರಾದವರ ಅವಧಿ 2021ರಲ್ಲಿ ತೀರಿತು. ಆ ವರ್ಷ ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳ ಪಟ್ಟಿ ಹಿಡಿದು ಸಿದ್ಧವಾಗುತ್ತಿದ್ದಾಗ, ಕ್ಷೇತ್ರ ವಿಂಗಡಿಸುವ ಅಧಿಕಾರವನ್ನೇ ಅದರಿಂದ ಕಿತ್ತು ಬೇರೊಂದು ಆಯೋಗಕ್ಕೆ ಕೊಡಲಾಯಿತು. ಲೆಕ್ಕ ಮತ್ತೆ ಒಂದರಿಂದ. 1987ರಲ್ಲಿ ಅಬ್ದುಲ್ ನಜೀರ್ ಸಾಬರು ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಕೊಡಿಸಿದ ರಾಜ್ಯವಿದು.

ಬೆಂಗಳೂರಿನ ಆ ಜನಪ್ರತಿನಿಧಿಗಳಿಲ್ಲದ ಕೌನ್ಸಿಲು ಮಾತ್ರ 2025ರ ಸೆಪ್ಟೆಂಬರ್‌ಗೆ ತನ್ನ ಐದು ವರ್ಷದ ಅವಧಿಯನ್ನು ಸಾಂಗವಾಗಿ ಪೂರೈಸಿತು. ಅದೇ ತಿಂಗಳು ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳು ಬಂದವು. ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಪಾಲಿಕೆಯೊಂದು ದಾರಿ ತಪ್ಪಿದರೆ ಪ್ರಾಧಿಕಾರದ ಅಧ್ಯಕ್ಷರು ಇನ್ನು ಸರ್ಕಾರದ ಮುಖ್ಯಸ್ಥರಿಗೆ ಖಾರವಾಗಿಯೇ ಪತ್ರ ಬರೆಯಬಹುದು. ಉತ್ತರ ತಡವಾದರೆ ಬೇಸರಪಡಬೇಕಾಗಿಲ್ಲ. ವಾರ್ಡುಗಳ ಎಣಿಕೆ ಮತ್ತೆ ಶುರುವಾಯಿತು.